ಪಾಸ್‌ವರ್ಡ್ ಹಾಕಿದ ಫೈಲು, ಜೊತೆಗೆ ‘ಸಾರಾಂಶ’ ಎಂಬ ಒಂದೇ ಪದ: ದೋಷ ಹುಡುಕುವ ಬಗೆ

ಕಾರವಾರದಲ್ಲಿ ನಮ್ಮದೊಂದು ಸಣ್ಣ ಕಚೇರಿಯಿದೆ. ಸಾಲದ ಒಪ್ಪಂದ, ವಿಮಾ ಪಾಲಿಸಿ, ಬ್ಯಾಂಕಿನ ನೋಟಿಸು, ಹೀಗೆ ಇಂಗ್ಲಿಷಿನಲ್ಲಿರುವ ಉದ್ದುದ್ದದ ಕಾಗದಗಳನ್ನು ಓದಿ ಒಂದೆರಡು ಪುಟದ ಕನ್ನಡ ಸಾರಾಂಶ ಬರೆದುಕೊಡುವುದು ನಮ್ಮ ಕೆಲಸ. ಶಿರಸಿ, ಯಲ್ಲಾಪುರದ ಕಡೆಯಿಂದ ಅಡಿಕೆ ಬೆಳೆಗಾರರು ಕಳಿಸುತ್ತಾರೆ. ಅಂಕೋಲೆ, ಕುಮಟೆ, ಹೊನ್ನಾವರದಿಂದ ಬೋಟಿನವರು ಕಳಿಸುತ್ತಾರೆ. ಹೆಚ್ಚಿನವರು ಫೈಲನ್ನು ಅಪ್‌ಲೋಡ್ ಮಾಡಿ ‘ಸಾರಾಂಶ’ ಎಂದಷ್ಟೇ ಬರೆಯುತ್ತಾರೆ. ಅದು ಸಾಲುತ್ತದೆ. ಆದರೆ ಫೈಲಿಗೆ ಪಾಸ್‌ವರ್ಡ್ ಇದ್ದರೆ ನಮ್ಮ ಪರದೆಯ ಮೇಲೆ ಕಾಣುವುದು ಪಾಸ್‌ವರ್ಡ್ ಕೇಳುವ ಖಾಲಿ ಚೌಕ ಮಾತ್ರ. ಕಳಿಸಿದವರಿಗೆ ಇದು ಗೊತ್ತೇ ಇರುವುದಿಲ್ಲ. ಅವರ ಮೊಬೈಲಿನಲ್ಲಿ ಆ ಫೈಲು ಸಲೀಸಾಗಿ ತೆರೆದಿರುತ್ತದೆ, ಏಕೆಂದರೆ ಒಮ್ಮೆ ಕೊಟ್ಟ ಪಾಸ್‌ವರ್ಡನ್ನು ಕೆಲವು ಆ್ಯಪ್‌ಗಳು ನೆನಪಿಟ್ಟುಕೊಳ್ಳುತ್ತವೆ.

ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರಿಗಾಗಿ ಮತ್ತು ಇಂಥದೇ ಕೆಲಸ ಮಾಡುವ ಸೇವಾ ಕೇಂದ್ರಗಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಿಡಿಎಫ್ ಫೈಲುಗಳ ಮಟ್ಟಿಗೆ ಮಾತ್ರ ಹೇಳುತ್ತೇನೆ, ಬರುವುದರಲ್ಲಿ ಬಹುಪಾಲು ಅವೇ.

ಮೊದಲು ಖಚಿತಪಡಿಸಿಕೊಳ್ಳಿ: ಇದು ನಿಜವಾಗಿಯೂ ಬೀಗವೇ?

‘ಫೈಲು ತೆರೆಯುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಇರಬಹುದು. ಫೈಲು ಅರ್ಧ ಮಾತ್ರ ಬಂದು ಕೆಟ್ಟಿರಬಹುದು. ತೆರೆಯಲೇ ಪಾಸ್‌ವರ್ಡ್ ಬೇಕಾಗಿರಬಹುದು. ಅಥವಾ ಫೈಲು ತೆರೆದು, ಓದಲೂ ಬಂದು, ಅಕ್ಷರಗಳನ್ನು ನಕಲು ಮಾಡಲು ಮಾತ್ರ ಬಿಡದಿರಬಹುದು. ಮೂರಕ್ಕೂ ಪರಿಹಾರ ಬೇರೆ. ಹಾಗಾಗಿ ಗಿರಾಕಿಗೆ ಫೋನು ಮಾಡುವ ಮೊದಲು ಪಿಡಿಎಫ್ ಪರೀಕ್ಷಿಸುವ `pdfinfo`, `qpdf` ಎಂಬ ಎರಡು ತಂತ್ರಾಂಶಗಳಿಂದ ಕಂಪ್ಯೂಟರಿನ ಬ್ಯಾಶ್ ಟರ್ಮಿನಲ್‌ನಲ್ಲಿ ಇದನ್ನು ನೋಡಿಬಿಡಬೇಕು.

```
pdfinfo policy.pdf
qpdf --requires-password policy.pdf; echo $?
```

ತೆರೆಯಲು ಪಾಸ್‌ವರ್ಡ್ ಬೇಕಾದ ಫೈಲಾದರೆ ಮೊದಲ ಆಜ್ಞೆಗೆ `Incorrect password` ಎಂಬ ಉತ್ತರ ಬರುತ್ತದೆ. ಕೆಟ್ಟ ಫೈಲಾದರೆ `Couldn't find trailer dictionary` ಅಥವಾ `Couldn't read xref table` ಎಂಬಂಥ ಸಾಲು ಬರುತ್ತದೆ. ಪಿಡಿಎಫ್‌ನ ಕೊನೆಯಲ್ಲಿ ಒಳಗಿನ ಭಾಗಗಳು ಎಲ್ಲೆಲ್ಲಿವೆ ಎಂಬ ಸೂಚಿ ಇರುತ್ತದೆ. ನೆಟ್‌ವರ್ಕ್ ಕಡಿದು ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಇಲ್ಲವಾಗುವುದು ಆ ಕೊನೆಯೇ. ಘಟ್ಟದ ಮೇಲಿನ ಹಳ್ಳಿಗಳಿಂದ ಮಳೆಗಾಲದಲ್ಲಿ ಬರುವ ಫೈಲುಗಳಲ್ಲಿ ಇದನ್ನು ಮರೆಯಬೇಡಿ. ಅಂಥವರನ್ನು ಪಾಸ್‌ವರ್ಡ್ ಕೇಳಿ ಸತಾಯಿಸುವುದು ತಪ್ಪು. ಮತ್ತೊಮ್ಮೆ ಡೌನ್‌ಲೋಡ್ ಮಾಡಿ ಕಳಿಸಿ ಎಂದರೆ ಮುಗಿಯಿತು.

ಎರಡನೆಯ ಆಜ್ಞೆ ಒಂದು ಅಂಕಿಯನ್ನು ಕೊಡುತ್ತದೆ. 0 ಬಂದರೆ ಪಾಸ್‌ವರ್ಡ್ ಬೇಕೇ ಬೇಕು. 2 ಬಂದರೆ ಬೀಗವೇ ಇಲ್ಲ, ಅಥವಾ ಫೈಲು ಕೆಟ್ಟಿದೆ. ಯಾವುದೆಂದು ಮೊದಲ ಆಜ್ಞೆಯ ಉತ್ತರ ಹೇಳುತ್ತದೆ. 3 ಬಂದರೆ ಬೀಗವಿದೆ, ಆದರೆ ತೆರೆಯಲು ಪಾಸ್‌ವರ್ಡ್ ಬೇಡ. ಈ 3ರ ವಿಚಾರದಲ್ಲಿ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಇಡಬಹುದು: ಒಂದು ತೆರೆಯುವುದಕ್ಕೆ, ಇನ್ನೊಂದು ಮುದ್ರಣ, ನಕಲು, ತಿದ್ದುಪಡಿಗಳನ್ನು ತಡೆಯುವುದಕ್ಕೆ. ಎರಡನೆಯದನ್ನು ಮಾತ್ರ ಇಟ್ಟಿದ್ದರೆ ಫೈಲು ಎಲ್ಲರಿಗೂ ತೆರೆಯುತ್ತದೆ. `pdfinfo` ಆಗ `Encrypted: yes (print:yes copy:no ...` ಎಂದು ತೋರಿಸುತ್ತದೆ. ಆ `yes` ನೋಡಿ ‘ಬೀಗ ಹಾಕಿದೆ, ಆಗುವುದಿಲ್ಲ’ ಎಂದು ಗಿರಾಕಿಯನ್ನು ವಾಪಸು ಕಳಿಸಿದ ಉದಾಹರಣೆಗಳಿವೆ. ಸಾರಾಂಶ ಬರೆಯಲು ನಮಗೆ ನಕಲು ಮಾಡುವ ಅಗತ್ಯವಿಲ್ಲ, ಕಣ್ಣಿನಿಂದ ಓದಿದರೆ ಸಾಕು. ಈ ಕೆಲಸ ಅಂದೇ ಆಗಬೇಕು.

ತೆರೆಯುವ ಬೀಗವಿದ್ದರೆ ಏನು ಸಾಧ್ಯವಿಲ್ಲ

ಈ ಪಾಸ್‌ವರ್ಡ್ ಬರಿಯ ಬಾಗಿಲು ಎಂದು ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಬಾಗಿಲಾಗಿದ್ದರೆ ಪಕ್ಕದ ಕಿಟಕಿಯಿಂದ ಇಣುಕಬಹುದಿತ್ತು. ಇಲ್ಲಿ ಒಳಗಿನ ಬರಹ, ಚಿತ್ರ ಎಲ್ಲವನ್ನೂ ಗಣಿತದ ಮೂಲಕ ಕಲಸಿ ಇಟ್ಟಿರುತ್ತಾರೆ, ಅದನ್ನು ಮತ್ತೆ ಬರಹವಾಗಿಸುವ ಕೀಲಿ ಸಿಗುವುದು ಪಾಸ್‌ವರ್ಡಿನ ಮೂಲಕವೇ. ಹಳೆಯ ಪಿಡಿಎಫ್‌ಗಳಲ್ಲಿ 40 ಬಿಟ್‌ನ ದುರ್ಬಲ ಕೀಲಿ ಇರುತ್ತಿತ್ತು. ಈಗ 128 ಅಥವಾ 256 ಬಿಟ್‌ನ ಎಇಎಸ್ ವಿಧಾನ ಸಾಮಾನ್ಯ. 2017ರಲ್ಲಿ ಬಂದ ಪಿಡಿಎಫ್ 2.0 ಮಾನದಂಡ 256 ಬಿಟ್‌ನದನ್ನೇ ಹೇಳುತ್ತದೆ. ಪಾಸ್‌ವರ್ಡ್ ಇಲ್ಲದೆ ನಮಗೆ ಸಿಗುವುದು ಫೈಲಿನ ಹೆಸರು, ಗಾತ್ರ, ಕೆಲವೊಮ್ಮೆ ಪುಟಗಳ ಸಂಖ್ಯೆ, ಇಷ್ಟೇ. ಒಳಗಿನ ಒಂದು ವಾಕ್ಯವೂ ಸಿಗುವುದಿಲ್ಲ.

ಆದ್ದರಿಂದ ಸಾರಾಂಶ ಬರೆಯಲು ಸಾಧ್ಯವಿಲ್ಲ. ‘ಸ್ವಲ್ಪ ಮಟ್ಟಿಗೆ’ ಕೂಡ ಸಾಧ್ಯವಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಥ ಕಾಗದಗಳನ್ನು ನೂರಾರು ಓದಿದವರಿಗೆ ಫೈಲಿನ ಹೆಸರು ನೋಡಿದರೆ ಒಳಗೆ ಸಾಮಾನ್ಯವಾಗಿ ಏನಿರುತ್ತದೆ ಎಂದು ಗೊತ್ತಾಗುತ್ತದೆ. ‘ಬೋಟಿನ ಪಾಲಿಸಿ ತಾನೇ, ಇಷ್ಟಿಷ್ಟು ಇರುತ್ತದೆ’ ಎಂದು ಬರೆದುಕೊಟ್ಟರೆ ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅವರು ಅದನ್ನು ತಮ್ಮ ಪಾಲಿಸಿಯಲ್ಲಿ ಇರುವ ಮಾತು ಎಂದೇ ನಂಬುತ್ತಾರೆ.

ಬೋಟಿನ ವಿಮೆಯಲ್ಲಿ ಆ ನಂಬಿಕೆ ಎಷ್ಟು ದುಬಾರಿಯಾಗಬಹುದು ನೋಡಿ. 1963ರ ಸಾಗರ ವಿಮಾ ಕಾಯ್ದೆಯ 35ನೇ ಕಲಮಿನಂತೆ ಪಾಲಿಸಿಯಲ್ಲಿ ‘ವಾರಂಟಿ’ ಎಂದು ಬರೆದ ಶರತ್ತನ್ನು ವಿಮೆದಾರ ಅಕ್ಷರಶಃ ಪಾಲಿಸಬೇಕು. ಆ ಶರತ್ತಿಗೂ ಆದ ನಷ್ಟಕ್ಕೂ ಸಂಬಂಧವಿದೆಯೇ ಎಂಬುದು ಮುಖ್ಯವಲ್ಲ. ಪಾಲಿಸದಿದ್ದರೆ, ಪಾಲಿಸಿಯಲ್ಲೇ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಉಲ್ಲಂಘನೆಯಾದ ದಿನದಿಂದ ಕಂಪನಿ ತನ್ನ ಹೊಣೆಯಿಂದ ಬಿಡುಗಡೆ ಹೊಂದುತ್ತದೆ. ಮನೆಗೆ ತರುವ ಮಿಕ್ಸರಿನ ವಾರಂಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಕಂಪನಿ ನಮಗೆ ಕೊಡುವ ಭರವಸೆ, ಇಲ್ಲಿ ನಾವು ಕಂಪನಿಗೆ ಕೊಡುವ ಭರವಸೆ. ಒಂದು ಪಾಲಿಸಿಯಲ್ಲಿರುವ ವಾರಂಟಿ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಊಹೆಯಿಂದ ಬರೆದ ಸಾರಾಂಶದಲ್ಲಿ ತಪ್ಪಿಹೋಗುವುದು ಆ ಒಂದು ಸಾಲೇ.

ಪಾಸ್‌ವರ್ಡ್ ‘ಒಡೆಯುವ’ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. 256 ಬಿಟ್‌ನ ಕೀಲಿಯನ್ನು ಒಂದೊಂದಾಗಿ ಪರೀಕ್ಷಿಸಿ ಹುಡುಕುವುದು ಯಾವ ಕಂಪ್ಯೂಟರಿಗೂ ಆಗದು. ಆದರೆ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿಯಿಂದ ಮಾಡಿದ ಪಾಸ್‌ವರ್ಡನ್ನು ಊಹಿಸುವ ತಂತ್ರಾಂಶಗಳು ಇವೆ ಎಂಬುದೂ ನಿಜ. ನಾವು ಅವನ್ನು ಬಳಸುವುದಿಲ್ಲ. ಫೈಲು ಕಳಿಸಿದವರು ಅದರ ಒಡೆಯರೇ ಎಂದು ನಮಗೆ ತಿಳಿಯುವ ದಾರಿಯಿಲ್ಲ, ಅಣ್ಣತಮ್ಮಂದಿರ ಜಗಳದಲ್ಲಿ ಒಬ್ಬರ ಕಾಗದ ಇನ್ನೊಬ್ಬರು ತರುವುದು ನಮ್ಮ ಜಿಲ್ಲೆಯಲ್ಲಿ ಅಪರೂಪವೇನಲ್ಲ. ಪಾಸ್‌ವರ್ಡ್ ತಿಳಿದಿರುವುದು, ಅಥವಾ ಕೇಳಿ ಪಡೆಯಲು ಆಗುವುದು, ಆ ಕಾಗದ ಓದುವ ಹಕ್ಕು ಇರುವುದಕ್ಕೆ ಕನಿಷ್ಠ ಗುರುತು.

‘ಪಾಸ್‌ವರ್ಡ್ ತೆಗೆದುಕೊಡುತ್ತೇವೆ’ ಎನ್ನುವ ಉಚಿತ ಜಾಲತಾಣಗಳಿಗೂ ಗಿರಾಕಿಯ ಫೈಲನ್ನು ಹಾಕಬೇಡಿ. ತೆರೆಯುವ ಪಾಸ್‌ವರ್ಡ್ ಇದ್ದರೆ ಅವೂ ಸಾಮಾನ್ಯವಾಗಿ ಅದನ್ನೇ ಕೇಳುತ್ತವೆ. ಕೊನೆಗೆ ಆಧಾರ್, ಖಾತೆ ಸಂಖ್ಯೆ, ಸಹಿ ಇರುವ ಕಾಗದವೂ ಅದರ ಪಾಸ್‌ವರ್ಡೂ ಒಟ್ಟಿಗೆ ಅಪರಿಚಿತರ ಕೈಗೆ ಹೋದಂತಾಗುತ್ತದೆ.

ಪಾಸ್‌ವರ್ಡ್ ಗೊತ್ತಿಲ್ಲ ಎಂದರೆ

‘ಇಲ್ಲಪ್ಪ, ನಾನು ಪಾಸ್‌ವರ್ಡ್ ಇಟ್ಟೇ ಇಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಇಟ್ಟದ್ದು ಕಾಗದ ಕಳಿಸಿದ ಸಂಸ್ಥೆ, ಅದೂ ಒಂದು ಸೂತ್ರದ ಪ್ರಕಾರ. ಇ-ಆಧಾರ್‌ಗೆ ಆಧಾರ್‌ನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ನಂತರ ಹುಟ್ಟಿದ ಇಸವಿ. ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿಗೆ ಪ್ಯಾನ್ ಸಂಖ್ಯೆ ಸಣ್ಣಕ್ಷರದಲ್ಲಿ, ನಂತರ ಹುಟ್ಟಿದ ದಿನ, ತಿಂಗಳು, ಇಸವಿ ಸೇರಿ ಎಂಟು ಅಂಕಿ. ಬ್ಯಾಂಕು ಮತ್ತು ವಿಮಾ ಕಂಪನಿಗಳಲ್ಲಿ ಒಂದೊಂದರದು ಒಂದೊಂದು ಸೂತ್ರ. ಆ ಸೂತ್ರವನ್ನು ಸಾಮಾನ್ಯವಾಗಿ ಫೈಲು ಬಂದ ಇಮೇಲ್‌ನಲ್ಲಿಯೇ ಬರೆದಿರುತ್ತಾರೆ. ಆ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಮುಂದಕ್ಕೆ ಕಳಿಸಿದಾಗ ಫೈಲು ಮಾತ್ರ ಹೋಗುತ್ತದೆ, ಇಮೇಲ್‌ನ ಮಾತು ಹಿಂದೆ ಉಳಿಯುತ್ತದೆ. ನಮ್ಮಲ್ಲಿಗೆ ಬರುವ ಹೆಚ್ಚಿನ ತೊಂದರೆಗಳ ಬೇರು ಇಲ್ಲಿದೆ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಎಲ್ಲರಿಗೂ ಗೊತ್ತು. ಜುಲೈ ಕೊನೆಯ ವಾರದಲ್ಲಿ ಬೈತಕೋಲದ ದಕ್ಕೆಯಲ್ಲಿ ಬಲೆ ಹೊಲಿಯುವುದು, ಎಂಜಿನ್ ಬಿಚ್ಚಿ ಜೋಡಿಸುವುದು ಭರದಿಂದ ನಡೆಯುತ್ತಿರುತ್ತದೆ. ಅಂಥ ಒಂದು ದಿನ ಬೋಟಿನವರೊಬ್ಬರು ತಮ್ಮ ಬೋಟಿನ ವಿಮಾ ಪಾಲಿಸಿಯನ್ನು ಅಪ್‌ಲೋಡ್ ಮಾಡಿ ‘ಸಾರಾಂಶ’ ಎಂದು ಬರೆದಿದ್ದರು. `qpdf` 0 ಎಂದಿತು. ಫೋನು ಮಾಡಿದೆ.

“ಅಣ್ಣಾ, ಫೈಲಿಗೆ ಪಾಸ್‌ವರ್ಡ್ ಇದೆ. ಒಳಗೆ ಏನಿದೆ ಎಂದು ನನಗೆ ಒಂದು ಅಕ್ಷರವೂ ಕಾಣುವುದಿಲ್ಲ.”

“ಹೌದೇನು ತಂಗಿ? ನನಗೂ ತೆರೆಯುತ್ತಿಲ್ಲ. ನಿಮ್ಮ ಕಂಪ್ಯೂಟರಿನಲ್ಲಾದರೂ ತೆರೆದೀತು ಎಂದು ಕಳಿಸಿದೆ. ಹೆಸರು, ಹುಟ್ಟಿದ ದಿನ ಹಾಕಬೇಕು ಎಂದು ಏಜೆಂಟರು ಹೇಳಿದ್ದರು. ಹಾಕಿದೆ, ತಪ್ಪು ಎನ್ನುತ್ತದೆ.”

“ಯಾರ ಹೆಸರು ಹಾಕಿದಿರಿ?”

“ನನ್ನದೇ. ಬೋಟು ನಡೆಸುವವನು ನಾನೇ ಅಲ್ಲವೇ?”

“ಬೋಟು ಯಾರ ಹೆಸರಿನಲ್ಲಿದೆ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮನ ಹೆಸರಿನಲ್ಲಿ” ಎಂದರು.

ಪಾಸ್‌ವರ್ಡ್ ರೂಪುಗೊಳ್ಳುವುದು ಕಾಗದ ಯಾರ ಹೆಸರಿನಲ್ಲಿದೆಯೋ ಅವರ ವಿವರದಿಂದ. ಇಮೇಲ್ ಯಾರಿಗೆ ಬಂತು, ಕಂತು ಯಾರು ಕಟ್ಟಿದರು ಎಂಬುದು ಅದಕ್ಕೆ ಲೆಕ್ಕವಿಲ್ಲ. ಬೋಟು, ಜಮೀನು, ಸೊಸೈಟಿಯ ಸಾಲ ಇವೆಲ್ಲ ತಾಯಿಯ, ಹೆಂಡತಿಯ ಅಥವಾ ತೀರಿಹೋದ ತಂದೆಯ ಹೆಸರಿನಲ್ಲೇ ಮುಂದುವರಿಯುವುದು ಇಲ್ಲಿ ಸಾಮಾನ್ಯ. ಹಾಗಾಗಿ ‘ಯಾರ ಹೆಸರಿನಲ್ಲಿದೆ’ ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು.

ತಾಯಿಯ ಹೆಸರು ಹಾಕಿದರೂ ಫೈಲು ತೆರೆಯಲಿಲ್ಲ. ಆಗ ಏಜೆಂಟರಿಂದ ಮೂಲ ಇಮೇಲ್ ತರಿಸಿಕೊಳ್ಳಲು ಹೇಳಿದೆ. ಅದರಲ್ಲಿ ಸೂತ್ರ ಸ್ಪಷ್ಟವಾಗಿತ್ತು: ವಿಮೆದಾರರ ಹೆಸರಿನ ಮೊದಲ ನಾಲ್ಕು ಅಕ್ಷರ ಸಣ್ಣಕ್ಷರದಲ್ಲಿ, ನಂತರ ಹುಟ್ಟಿದ ದಿನಾಂಕದ ಎಂಟು ಅಂಕಿ. ಇವರು ಹಾಕಿದ್ದು `laks`, ಆಧಾರ್ ನೋಡಿಕೊಂಡು. ಪಾಲಿಸಿಯ ಅರ್ಜಿ ತುಂಬುವಾಗ ಕೊಟ್ಟದ್ದು ಪ್ಯಾನ್ ಕಾರ್ಡು, ಅದರಲ್ಲಿದ್ದದ್ದು `LAXMI`. ಅಂದರೆ `laxm` ಆಗಬೇಕು. ನಮ್ಮ ಕರಾವಳಿಯಲ್ಲಿ ಒಂದೇ ಹೆಸರನ್ನು ಒಂದು ಕಾಗದದಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಬರೆದಿರುವುದು ಮನೆಮನೆಯಲ್ಲೂ ಇದೆ. ಶ್ರೀಧರ ಒಂದು ಕಡೆ `SHRI` ಎಂದು ಶುರುವಾದರೆ ಇನ್ನೊಂದು ಕಡೆ `SRID` ಎಂದು ಶುರುವಾಗುತ್ತಾನೆ. ವಿಶ್ವನಾಥನಿಗೆ `VISH`, `VISW` ಎರಡೂ ಇವೆ. ಹುಟ್ಟಿದ ದಿನಾಂಕಕ್ಕೂ ಇದೇ ಪಾಡು. ಹಿರಿಯರ ಶಾಲಾ ದಾಖಲೆಯಲ್ಲಿ ಮೇಷ್ಟ್ರು ಬರೆಸಿದ ಜೂನ್ 1 ಇರುತ್ತದೆ, ಬೇರೆ ಕಾಗದದಲ್ಲಿ ಬೇರೆ ತಾರೀಖು ಇರುತ್ತದೆ. ಯಾವ ಗುರುತಿನ ಚೀಟಿ ಕೊಟ್ಟು ಪಾಲಿಸಿ ಮಾಡಿಸಿದರೋ ಅದನ್ನೇ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಹಾಕಬೇಕು. ಇ-ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಮೊದಲಿದ್ದು ಅದರ ಮುಂದೆ ಚುಕ್ಕೆಯಿದ್ದರೆ ಆ ಚುಕ್ಕೆಯೂ ನಾಲ್ಕರಲ್ಲಿ ಒಂದು.

`laxm` ಹಾಕಿ, ಪ್ಯಾನ್‌ನಲ್ಲಿದ್ದ ತಾರೀಖು ಹಾಕಿದ ಮೇಲೆ ಫೈಲು ತೆರೆಯಿತು. ತೆರೆದದ್ದು ಅವರ ಮನೆಯಲ್ಲಿ, ಅವರ ಮಗಳ ಲ್ಯಾಪ್‌ಟಾಪಿನಲ್ಲಿ. ಪಾಸ್‌ವರ್ಡನ್ನು ನನಗೆ ಹೇಳಬೇಕಾದ ಪ್ರಮೇಯವೇ ಬರಲಿಲ್ಲ, ಅದು ಒಳ್ಳೆಯದು. ಇಂಥ ಪಾಸ್‌ವರ್ಡ್ ಎಂದರೆ ಆ ವ್ಯಕ್ತಿಯ ಹುಟ್ಟಿದ ದಿನಾಂಕವೋ ಪ್ಯಾನ್ ಸಂಖ್ಯೆಯೋ ಆಗಿರುತ್ತದೆ, ಅದೇ ವಿವರದಿಂದ ಅವರ ಬೇರೆ ಕಾಗದಗಳೂ ತೆರೆಯಬಹುದು.

ಬೀಗವಿಲ್ಲದ ಪ್ರತಿ ಮಾಡುವುದು

ಪಾಸ್‌ವರ್ಡ್ ಗೊತ್ತಿರುವ ಗಿರಾಕಿಗೆ ನಾವು ಹೇಳುವ ಮೊದಲ ದಾರಿ ಇದು: ಕಂಪ್ಯೂಟರಿನಲ್ಲಿ ಫೈಲನ್ನು ಕ್ರೋಮ್‌ನಲ್ಲಿ ತೆರೆದು ಪಾಸ್‌ವರ್ಡ್ ಕೊಡಿ, ಮುದ್ರಣದ ಗುರುತು ಒತ್ತಿ, ಮುದ್ರಕದ ಬದಲು `Save as PDF` ಆರಿಸಿ ಉಳಿಸಿ. ಹೊಸ ಪ್ರತಿಗೆ ಪಾಸ್‌ವರ್ಡ್ ಇರುವುದಿಲ್ಲ. ಅಲ್ಲೇ `Pages` ಎಂಬಲ್ಲಿ ಬೇಕಾದ ಪುಟಗಳನ್ನಷ್ಟೇ ಆರಿಸಿಕೊಳ್ಳಬಹುದು. ಮುದ್ರಣವನ್ನೇ ತಡೆದಿಟ್ಟ ಫೈಲಾದರೆ ಈ ದಾರಿ ನಡೆಯುವುದಿಲ್ಲ. ಆಗ ಕಾಗದ ಕಳಿಸಿದ ಸಂಸ್ಥೆಯಿಂದಲೇ ಮುದ್ರಿತ ಪ್ರತಿ ಕೇಳಬೇಕು. ಗಿರಾಕಿ ನಮ್ಮ ಕಚೇರಿಗೇ ಬಂದು ತಾವೇ ಪಾಸ್‌ವರ್ಡ್ ಒತ್ತುತ್ತೇನೆ ಎಂದರೆ ನಾವು ಹೀಗೆ ಮಾಡುತ್ತೇವೆ:

```
qpdf --password-file=- --decrypt policy.pdf --pages . 1-4 -- part.pdf
```

ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಬರೆದರೆ ಅದು ಕಂಪ್ಯೂಟರಿನ ಆಜ್ಞಾ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಈ ರೀತಿ ಬರೆದರೆ ಒತ್ತಿದ್ದು ಇತಿಹಾಸಕ್ಕೆ ಹೋಗುವುದಿಲ್ಲ, ಪರದೆಯ ಮೇಲೆ ಮಾತ್ರ ಕಾಣಬಹುದು. ಹಾಗಾಗಿ ಅವರು ಒತ್ತುವಾಗ ಹಿಂದೆ ಯಾರೂ ನಿಂತಿರಬಾರದು, ಆದ ಕೂಡಲೇ ಆ ಕಿಟಕಿಯನ್ನು ಮುಚ್ಚಬೇಕು.

ಎಲ್ಲ ಪುಟ ಬೇಕಿಲ್ಲ ಎಂಬುದನ್ನು ಗಿರಾಕಿಗೆ ತಿಳಿಸಿ. ಬೋಟಿನ ಪಾಲಿಸಿಯಾದರೆ ವಿಮೆಯ ಮೊತ್ತ, ಅವಧಿ, ಕಂಪನಿ ಕೊಡದೆ ನಾವೇ ಭರಿಸಬೇಕಾದ ಮೊದಲ ಭಾಗ, ವಾರಂಟಿಗಳು ಇರುವ ಷೆಡ್ಯೂಲ್ ಪುಟಗಳು ಮತ್ತು ಅದರ ಜೊತೆ ಲಗತ್ತಿಸಿದ ಎಂಡೋರ್ಸ್‌ಮೆಂಟ್‌ಗಳು, ಅಂದರೆ ಪಾಲಿಸಿಗೆ ಮಾಡಿದ ಸೇರ್ಪಡೆ, ತಿದ್ದುಪಡಿಗಳು, ಮುಖ್ಯ. ಆಧಾರ್ ಪ್ರತಿ, ರದ್ದು ಮಾಡಿದ ಚೆಕ್ಕಿನ ಪ್ರತಿ ಇರುವ ಪುಟಗಳನ್ನು ಬಿಟ್ಟು ಕಳಿಸಿ ಎನ್ನಿ. ಮೊಬೈಲಿನಲ್ಲಿ ಕಪ್ಪು ಬಣ್ಣ ಬಳಿದು ಸಂಖ್ಯೆ ಮುಚ್ಚುವುದನ್ನು ನಂಬಬೇಡಿ. ಅನೇಕ ಆ್ಯಪ್‌ಗಳಲ್ಲಿ ಆ ಬಣ್ಣದ ಕೆಳಗೆ ಅಕ್ಷರ ಹಾಗೇ ಉಳಿದಿರುತ್ತದೆ. ಪುಟವನ್ನೇ ಬಿಡುವುದು ಸುರಕ್ಷಿತ.

ಯಾವುದೂ ಆಗದಿದ್ದರೆ

ಫೈಲು ತೆರೆಯುವುದು ಮೊಬೈಲಿನಲ್ಲಿ ಮಾತ್ರ, ಪ್ರತಿ ಮಾಡಲು ಬರುವುದಿಲ್ಲ ಎನ್ನುವವರು ಬೇಕಾದ ಪುಟಗಳ ಸ್ಕ್ರೀನ್‌ಶಾಟ್ ಕಳಿಸಬಹುದು. ಪುಟದ ಸಂಖ್ಯೆ ಕಾಣುವಂತಿರಬೇಕು. ಇಲ್ಲವಾದರೆ ಎರಡು ಚಿತ್ರಗಳ ನಡುವೆ ಎರಡು ಸಾಲು ತಪ್ಪಿಹೋದರೂ ನಮಗೆ ಗೊತ್ತಾಗದು. ಶಿರಸಿ ಕಡೆಯ ಹಿರಿಯರು ಕೆಲವರು ಬ್ಯಾಂಕಿನ ಶಾಖೆಗೆ ಹೋಗಿ ಮುದ್ರಿತ ಪ್ರತಿಯನ್ನೇ ತರುತ್ತಾರೆ. ಎಲ್ಲಕ್ಕಿಂತ ನಿರಾಳವಾದ ದಾರಿ ಅದು.

ಇನ್ನೊಂದು ದಾರಿಯಿದೆ, ಅದನ್ನು ಎಚ್ಚರದಿಂದ ಬಳಸಬೇಕು. ಪಾಲಿಸಿಯ ಸಾಮಾನ್ಯ ಶರತ್ತುಗಳ ಪಠ್ಯವನ್ನು ವಿಮಾ ಕಂಪನಿಗಳು ತಮ್ಮ ಜಾಲತಾಣದಲ್ಲಿ ಬೀಗವಿಲ್ಲದೆ ಇಟ್ಟಿರುವುದುಂಟು. ಗಿರಾಕಿ ಪಾಲಿಸಿಯ ಸರಿಯಾದ ಹೆಸರನ್ನು ಹೇಳಿದರೆ ಅದನ್ನು ಓದಿ, ಯಾವ ಬಗೆಯ ನಷ್ಟಕ್ಕೆ ಪರಿಹಾರವಿದೆ, ಯಾವುದಕ್ಕೆ ಇಲ್ಲ, ಅವಘಡವಾದಾಗ ಯಾರಿಗೆ ತಿಳಿಸಬೇಕು ಎಂದು ಬರೆದುಕೊಡಬಹುದು. ಆದರೆ ಅವರ ಬೋಟಿನ ಮೊತ್ತ, ಅವಧಿ, ಅವರಿಗೇ ಹಾಕಿದ ವಾರಂಟಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ಆ ಬರಹದ ತಲೆಯ ಮೇಲೆ ‘ಇದು ನಿಮ್ಮ ಪಾಲಿಸಿಯ ಸಾರಾಂಶವಲ್ಲ, ಈ ಬಗೆಯ ಪಾಲಿಸಿಗಳ ಸಾಮಾನ್ಯ ಶರತ್ತುಗಳ ಸಾರಾಂಶ’ ಎಂದು ದಪ್ಪ ಅಕ್ಷರದಲ್ಲಿ ಬರೆಯಬೇಕು.

ಗಿರಾಕಿಗೆ ಮೊದಲ ಉತ್ತರ ಹೇಗಿರಬೇಕು ಎಂದು ಕೇಳುವವರಿದ್ದಾರೆ. ನಾವು ಕಳಿಸುವುದು ಇಷ್ಟು:

> ನಿಮ್ಮ ಫೈಲು ತಲುಪಿದೆ. ಅದಕ್ಕೆ ಪಾಸ್‌ವರ್ಡ್ ಇರುವುದರಿಂದ ಒಳಗಿನದನ್ನು ಓದಲು ಆಗಲಿಲ್ಲ, ಸಾರಾಂಶ ಇನ್ನೂ ಶುರುವಾಗಿಲ್ಲ. ಕಾಗದ ಯಾರ ಹೆಸರಿನಲ್ಲಿದೆ? ಅದು ಬಂದ ಇಮೇಲ್‌ನಲ್ಲಿ ಪಾಸ್‌ವರ್ಡಿನ ಸೂತ್ರವಿದೆಯೇ ನೋಡಿ. ಪಾಸ್‌ವರ್ಡನ್ನು ನಮಗೆ ಕಳಿಸಬೇಡಿ. ನೀವೇ ತೆರೆದು ಬೀಗವಿಲ್ಲದ ಪ್ರತಿ ಕಳಿಸಿ, ಅಥವಾ ಮುದ್ರಿತ ಪ್ರತಿ ತನ್ನಿ. ಯಾವ ವಿಷಯ ತಿಳಿಯಬೇಕೆಂದು ಒಂದು ಸಾಲು ಬರೆದರೆ ಆ ಪುಟಗಳಷ್ಟೇ ಸಾಕೇ ಎಂದು ಹೇಳುತ್ತೇವೆ.

‘ಸಾರಾಂಶ ಇನ್ನೂ ಶುರುವಾಗಿಲ್ಲ’ ಎಂಬ ಮಾತನ್ನು ಬಿಡಬೇಡಿ. ಫೈಲು ತಲುಪಿದೆ ಎಂದಷ್ಟೇ ಓದಿದವರು ಕೆಲಸ ನಡೆಯುತ್ತಿದೆ ಎಂದುಕೊಂಡು ಕಾಯುತ್ತಾರೆ, ಅಷ್ಟರಲ್ಲಿ ನೋಟಿಸಿಗೆ ಉತ್ತರಿಸುವ ಗಡುವು ಮೀರುತ್ತದೆ.

ತೆರೆದ ಪ್ರತಿ ಬಂದ ಮೇಲೆ

ಓದಲು ಕೂರುವ ಮೊದಲು ಷೆಡ್ಯೂಲಿನಲ್ಲಿ ಹೇಳಿದ ಲಗತ್ತುಗಳೆಲ್ಲ ಬಂದಿವೆಯೇ ನೋಡಿ. ಮೇಲೆ ಹೇಳಿದ ಬೋಟಿನವರು ಮೊದಲು ಕಳಿಸಿದ ಪುಟಗಳಲ್ಲಿ ‘ಲಗತ್ತಿಸಿದ ವಾರಂಟಿಗಳಿಗೆ ಒಳಪಟ್ಟು’ ಎಂಬ ಒಂದು ಸಾಲಿತ್ತು, ಆ ಲಗತ್ತು ಇರಲಿಲ್ಲ. ಕೇಳಿ ತರಿಸಿದಾಗ ಅದರಲ್ಲಿ ಬೋಟಿನ ನೋಂದಣಿಯೂ ಮೀನುಗಾರಿಕೆಯ ಪರವಾನಗಿಯೂ ಪಾಲಿಸಿಯ ಅವಧಿಯುದ್ದಕ್ಕೂ ಚಾಲ್ತಿಯಲ್ಲಿರಬೇಕು ಎಂಬ ವಾರಂಟಿ ಸಿಕ್ಕಿತು. ಅದನ್ನು ಸಾರಾಂಶದ ಮೊದಲ ಸಾಲಾಗಿ ಬರೆದು, ಪರವಾನಗಿಯ ಕೊನೆಯ ದಿನಾಂಕ ನೋಡಿ ಎಂದು ಫೋನಿನಲ್ಲೂ ಹೇಳಿದೆ. ಅವರದು ಆಗಸ್ಟ್ ನಡುವೆ ಮುಗಿಯುವುದಿತ್ತು. ಮರುದಿನ ಬೆಳಿಗ್ಗೆಯೇ ಮೀನುಗಾರಿಕೆ ಇಲಾಖೆಯ ಕಚೇರಿಗೆ ನವೀಕರಣದ ಅರ್ಜಿ ಕೊಟ್ಟು ಬಂದರು.

ಕೆಲಸ ಮುಗಿದ ಮೇಲೆ ಬೀಗವಿಲ್ಲದ ಆ ಪ್ರತಿಯನ್ನು ನಮ್ಮ ಕಂಪ್ಯೂಟರಿನಿಂದ, ಡೌನ್‌ಲೋಡ್ ಫೋಲ್ಡರಿನಿಂದ, ರೀಸೈಕಲ್ ಬಿನ್‌ನಿಂದ ಅಳಿಸಿ. ಗಿರಾಕಿಗೂ ಅವರ ಮೊಬೈಲಿನಲ್ಲಿ ಉಳಿದ ತೆರೆದ ಪ್ರತಿಯನ್ನು ಅಳಿಸಿ, ಪಾಸ್‌ವರ್ಡ್ ಇರುವ ಮೂಲವನ್ನೇ ಇಟ್ಟುಕೊಳ್ಳಲು ಹೇಳಿ.